ಗಾಳಿಯ ಕಾಗುಣಿತ

ಕಳೆದ ತಿಂಗಳು ಒಂದು ಸಂಜೆ ನನ್ನ ಮಗಳು ಶಾಲೆಯಿಂದ ಬಂದವಳೇ ಪುಸ್ತಕದ ಚೀಲವನ್ನು ಕುರ್ಚಿಯ ಮೇಲೆ ಎಸೆದು, ಕೈಕಾಲು ಕೂಡ ತೊಳೆಯದೆ, ಮೂಲೆ ಹಿಡಿದು ಕುಳಿತಳು. ತಿಂಡಿಗೆ ಕರೆದರೆ ಬರಲಿಲ್ಲ. ಅವಳ ತಾಯಿ ಎರಡು ಸಲ ಕೇಳಿದ ಮೇಲೆ ವಿಷಯ ಹೊರಬಿತ್ತು. ಆ ದಿನ ಶಾಲೆಯಲ್ಲಿ ಇಂಗ್ಲಿಷ್ ವಾಚನದ ಸ್ಪರ್ಧೆ. ಹಳೆಯ ಕಾಲದ ಊರುಗಳಲ್ಲಿ ನೀರು ಹರಿಸುತ್ತಿದ್ದ ಸೀಸದ ಕೊಳವೆಗಳನ್ನು ಕುರಿತ ಒಂದು ಪುಟವನ್ನು ಇವಳ ಕೈಗೆ ಕೊಟ್ಟಿದ್ದರು. ಎಲ್-ಇ-ಎ-ಡಿ ಎಂಬ ನಾಲ್ಕು ಅಕ್ಷರಗಳು ಬಂದ ಕಡೆಯಲ್ಲೆಲ್ಲ ಇವಳು ‘ಲೀಡ್’ ಎಂದು ಓದಿದಳು. ಸೀಸಕ್ಕೆ ‘ಲೆಡ್’ ಎನ್ನಬೇಕು. ಮೂರನೆಯ ಸಲ ‘ಲೀಡ್’ ಎಂದಾಗ ಸಭೆಯೆಲ್ಲ ನಕ್ಕಿತಂತೆ.

“ಅಪ್ಪ, ಹೋದ ವಾರ ಪಾಠದಲ್ಲಿ ಅದೇ ನಾಲ್ಕು ಅಕ್ಷರ ಲೀಡ್ ಅಂತಲೇ ಓದಿಸಿದ್ದರು. ಇವತ್ತು ಲೆಡ್ ಅಂತಾರೆ. ಅಕ್ಷರ ಏನೂ ಬದಲಾಗಿಲ್ಲ. ನಾನು ಮಾತ್ರ ಪೆದ್ದಿ ಆದೆ!” ಎಂದಳು. ನಕ್ಕದ್ದಕ್ಕಿಂತ ಈ ಅನ್ಯಾಯವೇ ಅವಳಿಗೆ ಹೆಚ್ಚು ನೋವು ಕೊಟ್ಟಂತಿತ್ತು.

ನಾನು ಕನ್ನಡದ ಅಧ್ಯಾಪಕ. ಇಂಥ ಹೊತ್ತಿಗೆಂದೇ ನನ್ನಂಥವರ ನಾಲಗೆಯ ತುದಿಯಲ್ಲಿ ಒಂದು ಸಮಾಧಾನ ಸಿದ್ಧವಾಗಿರುತ್ತದೆ. “ಬಿಡು ಮಗಳೇ, ಅದು ಆ ಭಾಷೆಯ ಅವ್ಯವಸ್ಥೆ. ನಮ್ಮ ಕನ್ನಡವನ್ನು ನೋಡು: ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ನಮ್ಮಲ್ಲಿ ಇಂಥ ಮೋಸವಿಲ್ಲ” ಎಂದೆ. ಅವಳು ಕಣ್ಣೊರೆಸಿಕೊಂಡು ತಿಂಡಿಗೆ ಎದ್ದಳು. ಆದರೆ ರಾತ್ರಿ ಮಲಗಿದ ಮೇಲೆ ನನ್ನ ಮಾತು ನನ್ನನ್ನೇ ಚುಚ್ಚತೊಡಗಿತು. ನಾನು ಹೇಳಿದ್ದು ಎರಡು ಬಗೆಯಲ್ಲಿ ಸುಳ್ಳಾಗಿತ್ತು. ಇಂಗ್ಲಿಷಿನವರು ಇಲ್ಲಿ ಅವ್ಯವಸ್ಥೆಯಿಂದ ಬರೆದವರಲ್ಲ. ಕನ್ನಡ ಎಂದೂ ಈ ತೊಡಕಿಗೆ ಸಿಕ್ಕಿಲ್ಲವೆಂಬುದೂ ನಿಜವಲ್ಲ. ಮಗಳಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ವಾಚಕರ ಮುಂದೆಯೂ ಇಡೋಣವೆಂದು ಈ ಬರಹ.

ಮೊದಲು ವಿಷಯವೇನೆಂಬುದನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಒಂದೇ ಮಾತಿಗೆ ಎರಡು ಅರ್ಥವಿರುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ‘ಅರಸು’ ಎಂದರೆ ದೊರೆ, ‘ಅರಸು’ ಎಂದರೆ ಹುಡುಕು; ‘ಹತ್ತು’ ಎಂದರೆ ಸಂಖ್ಯೆ, ‘ಹತ್ತು’ ಎಂದರೆ ಏರು. ಬರಹವೂ ಒಂದೇ, ಉಚ್ಚಾರಣೆಯೂ ಒಂದೇ, ಅರ್ಥ ಮಾತ್ರ ಬೇರೆ. ನಾವು ಇಲ್ಲಿ ನೋಡಹೊರಟಿರುವುದು ಇದಲ್ಲ. ಬರಹ ಒಂದೇ ಆಗಿದ್ದು ಉಚ್ಚಾರಣೆಯೂ ಅರ್ಥವೂ ಎರಡೆರಡಾಗುವ ಜೋಡಿಗಳನ್ನು ಇಂಗ್ಲಿಷಿನಲ್ಲಿ ‘ಹೆಟರೊನಿಮ್’ ಎನ್ನುತ್ತಾರೆ. ಡಬ್ಲ್ಯು-ಐ-ಎನ್-ಡಿ ಎಂಬುದನ್ನು ‘ವಿಂಡ್’ ಎಂದರೆ ಗಾಳಿ; ‘ವೈಂಡ್’ ಎಂದರೆ ಸುತ್ತು, ಗಡಿಯಾರಕ್ಕೆ ಕೀ ಕೊಡು. ಟಿ-ಇ-ಎ-ಆರ್ ಎಂಬುದನ್ನು ‘ಟಿಯರ್’ ಎಂದರೆ ಕಣ್ಣೀರು. ‘ಟೇರ್’ ಎಂದರೆ ಹರಿ, ಚಿಂದಿಮಾಡು. ಮಗಳನ್ನು ಅಳಿಸಿದ ಜೋಡಿಯನ್ನು ಆಗಲೇ ಹೇಳಿದೆ. ಒಂದು ಮೋಜನ್ನು ನೋಡಿ: ಇವನ್ನು ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ತೊಡಕು ಮಾಯವಾಗುತ್ತದೆ. ಅದಕ್ಕಾಗಿಯೇ ನಾನಿಲ್ಲಿ ಅಕ್ಷರಗಳನ್ನು ಒಂದೊಂದಾಗಿ, ಶಾಲೆಯ ಹುಡುಗನಂತೆ ಒಪ್ಪಿಸಬೇಕಾಗಿದೆ.

ಮೂರು ಜೋಡಿಗಳಲ್ಲಿ ‘ಗಾಳಿ’ಯ ಚರಿತ್ರೆಯೇ ಹೆಚ್ಚು ಸ್ವಾರಸ್ಯವಾದದ್ದು. ಅದನ್ನೇ ಸ್ವಲ್ಪ ಸಾವಧಾನವಾಗಿ ನೋಡೋಣ.

ಸಾವಿರದ ಇನ್ನೂರು ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಗಾಳಿಗೆ ‘ವಿಂಡ್’ ಎಂಬ ಮಾತಿತ್ತು. ಸುತ್ತುವುದಕ್ಕೆ ‘ವಿಂಡನ್’ ಎಂಬ ಕ್ರಿಯಾಪದವಿತ್ತು. ಎರಡು ಬೇರೆ ಬೇರೆ ಮಾತುಗಳು. ಆದರೆ ಎರಡರಲ್ಲಿಯೂ ಸ್ವರ ಒಂದೇ, ಹ್ರಸ್ವವಾದ ಇಕಾರ. ಮುಂದೆ, ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ, ಆ ಭಾಷೆಯಲ್ಲಿ ಒಂದು ಬದಲಾವಣೆ ನಡೆಯಿತು. ನಕಾರದ ಮೇಲೆ ಡಕಾರ, ಲಕಾರದ ಮೇಲೆ ಡಕಾರ ಮುಂತಾದ ಕೆಲವು ಜೋಡಿ ವ್ಯಂಜನಗಳ ಹಿಂದಿದ್ದ ಹ್ರಸ್ವಸ್ವರ ದೀರ್ಘವಾಯಿತು. ‘ವಿಂಡ್’ ಹೋಗಿ ‘ವೀಂಡ್’ ಆಯಿತು. ‘ವಿಂಡನ್’ ಹೋಗಿ ‘ವೀಂಡನ್’ ಆಯಿತು. ಹುಡುಕು ಎಂಬರ್ಥದ ‘ಫಿಂಡನ್’ ಕೂಡ ‘ಫೀಂಡನ್’ ಆಯಿತು. ಮಗುವಿಗೆ ಹೇಳುತ್ತಿದ್ದ ‘ಚಿಲ್ಡ್’ ಎಂಬುದು ‘ಚೀಲ್ಡ್’ ಆಯಿತು.

ಯಾವ ಯಂತ್ರವೂ ಮಾತನ್ನು ಹಿಡಿದಿಡದಿದ್ದ ಆ ಕಾಲದ ಸ್ವರ ಹ್ರಸ್ವವೋ ದೀರ್ಘವೋ ಎಂದು ಈಗ ತಿಳಿಯುವುದು ಹೇಗೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹನ್ನೆರಡನೆಯ ಶತಮಾನದಲ್ಲಿ ಓರ್ಮ್ ಎಂಬ ಒಬ್ಬ ಸಂನ್ಯಾಸಿ ಇದ್ದ. ಚರ್ಚಿನಲ್ಲಿ ಓದಲೆಂದು ಸುಮಾರು ಹತ್ತೊಂಬತ್ತು ಸಾವಿರ ಸಾಲುಗಳಷ್ಟು ನಮಗೆ ಉಳಿದಿರುವ ಒಂದು ಪದ್ಯಗ್ರಂಥವನ್ನು ಬರೆದ. ‘ಓರ್ಮುಲಮ್’ ಎಂದು ಅದರ ಹೆಸರು. ಕವಿತ್ವದ ದೃಷ್ಟಿಯಿಂದ ಅದನ್ನು ಮೆಚ್ಚಿದವರು ವಿರಳ. ಆದರೆ ಓದುವವರು ಉಚ್ಚಾರಣೆಯಲ್ಲಿ ತಪ್ಪಬಾರದೆಂದು ಆತ ತನ್ನದೇ ಒಂದು ಕಾಗುಣಿತವನ್ನು ಕಟ್ಟಿಕೊಂಡಿದ್ದ: ಸ್ವರ ಹ್ರಸ್ವವಾಗಿದ್ದರೆ ಅದರ ಮುಂದಿನ ವ್ಯಂಜನವನ್ನು ಎರಡು ಸಲ ಬರೆಯುವುದು, ದೀರ್ಘವಾಗಿದ್ದರೆ ಒಂದೇ ಸಲ. ‘ಮತ್ತು’ ಎಂಬರ್ಥದ ‘ಅಂಡ್’ ಎಂಬ ಮಾತನ್ನು ಅವನು ಎರಡು ‘ಎನ್’ ಹಾಕಿ ಬರೆಯುತ್ತಾನೆ. ಹುಡುಕು ಎಂಬ ಕ್ರಿಯಾಪದದ ಮೊದಲ ಭಾಗವನ್ನು ಒಂದೇ ‘ಎನ್’ ಹಾಕಿ ಬರೆಯುತ್ತಾನೆ. ಅಂದರೆ ಮೊದಲನೆಯದು ಹ್ರಸ್ವ, ಎರಡನೆಯದು ದೀರ್ಘ. ಆ ಗ್ರಂಥದ ಸ್ವಹಸ್ತ ಪ್ರತಿ ಆಕ್ಸ್‌ಫರ್ಡಿನಲ್ಲಿ ಇಂದಿಗೂ ಇದೆ. ಕವಿಯಾಗಿ ಸೋತ ಸಂನ್ಯಾಸಿ ಸಾಕ್ಷಿಯಾಗಿ ಗೆದ್ದ.

ಈ ದೀರ್ಘಕ್ಕೆ ಒಂದು ಅಪವಾದವಿತ್ತು. ನಮ್ಮ ಕತೆಯ ಗಂಟು ಇರುವುದು ಅಲ್ಲಿಯೇ. ಆ ಎರಡು ವ್ಯಂಜನಗಳ ಬೆನ್ನಿಗೆ ಮೂರನೆಯ ವ್ಯಂಜನ ಬಂದರೆ ಸ್ವರ ದೀರ್ಘವಾಗುತ್ತಿರಲಿಲ್ಲ. ಮೂರು ವ್ಯಂಜನಗಳ ಭಾರ ಬಿದ್ದಾಗ ಸ್ವರಕ್ಕೆ ಕಾಲು ಚಾಚಲು ಸ್ಥಳವಿರಲಿಲ್ಲವೆನ್ನಬಹುದು. ಇಂದಿಗೂ ಇಂಗ್ಲಿಷಿನವರು ಒಂದು ಮಗುವಿಗೆ ‘ಚೈಲ್ಡ್’ ಎಂದು, ಹಲವು ಮಕ್ಕಳಿಗೆ ‘ಚಿಲ್ಡ್ರನ್’ ಎಂದು ಹೇಳುತ್ತಾರಷ್ಟೆ. ಒಂದೇ ಮಾತಿನ ಏಕವಚನ ಬಹುವಚನಗಳಲ್ಲಿ ಸ್ವರ ಬೇರೆಯಾಗಿರುವುದೇಕೆ? ಬಹುವಚನದಲ್ಲಿ ಲಕಾರ ಡಕಾರಗಳ ಮೇಲೆ ರಕಾರವೂ ಸೇರಿತು; ಅಲ್ಲಿ ಸ್ವರ ಹ್ರಸ್ವವಾಗಿಯೇ ಉಳಿಯಿತು. ಏಕವಚನದಲ್ಲಿ ಆ ತಡೆ ಇರಲಿಲ್ಲ; ಅದು ದೀರ್ಘವಾಯಿತು. ಗಾಳಿಯ ವಿಷಯದಲ್ಲಿಯೂ ಹೀಗೆಯೇ. ಗಾಳಿಯ ಗಿರಣಿ ‘ವಿಂಡ್‌ಮಿಲ್’. ಇಲ್ಲಿ ಮೂರನೆಯ ವ್ಯಂಜನವಾಗಿ ಮಕಾರವಿದೆ. ಆದ್ದರಿಂದ ಒಂಟಿಯಾಗಿ ನಿಂತ ಗಾಳಿ ‘ವೀಂಡ್’ ಆದಾಗಲೂ ಗಿರಣಿಯ ಜೊತೆಗಿದ್ದ ಗಾಳಿ ಹ್ರಸ್ವವಾಗಿಯೇ ಇತ್ತು. ಕಿಟಕಿಗೆ ಹೇಳುವ ‘ವಿಂಡೋ’ ಎಂಬ ಮಾತಿನಲ್ಲಿಯೂ ಹ್ರಸ್ವವಿದೆ. ಉತ್ತರದ ನಾರ್ಸ್ ಭಾಷೆಯಿಂದ ಬಂದ ಆ ಮಾತಿಗೆ ‘ಗಾಳಿಯ ಕಣ್ಣು’ ಎಂದರ್ಥ. ನಮ್ಮ ‘ಗವಾಕ್ಷ’ ಗೋವಿನ ಕಣ್ಣಾದರೆ ಅವರದು ಗಾಳಿಯ ಕಣ್ಣು. ಹೀಗೆ ಒಂದೇ ಮನೆಯಲ್ಲಿ ದೀರ್ಘದ ಗಾಳಿಯೂ ಹ್ರಸ್ವದ ಗಾಳಿಯೂ ಸೇರಿ ಬಾಳುತ್ತಿದ್ದವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆಮೇಲೆ ಬಂತು ದೊಡ್ಡ ಪಲ್ಲಟ. ಸುಮಾರು 1400ರಿಂದ 1700ರವರೆಗಿನ ಅವಧಿಯಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಒಂದಾದ ಮೇಲೊಂದರಂತೆ ಸ್ಥಳ ಬಿಟ್ಟು ಸರಿದವು. ಕಾಲಕ್ಕೆ ಹೇಳುತ್ತಿದ್ದ ‘ಟೀಮ’ ಎಂಬುದು ‘ಟೈಮ್’ ಆಯಿತು. ಇಲಿಗೆ ಹೇಳುತ್ತಿದ್ದ ‘ಮೂಸ್’ ಎಂಬುದು ‘ಮೌಸ್’ ಆಯಿತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೋ ಯೆಸ್ಪರ್ಸನ್ ಇದಕ್ಕೆ ‘ಸ್ವರಗಳ ಮಹಾಪಲ್ಲಟ’ ಎಂಬರ್ಥದ ಹೆಸರನ್ನು ಕೊಟ್ಟ. ಈ ಪಲ್ಲಟದಲ್ಲಿ ದೀರ್ಘ ಈಕಾರವೆಲ್ಲ ಐಕಾರವಾಯಿತು. ‘ಫೀಂಡ್’ ಹೋಗಿ ‘ಫೈಂಡ್’, ‘ಚೀಲ್ಡ್’ ಹೋಗಿ ‘ಚೈಲ್ಡ್’. ಹಾಗೆಯೇ ಸುತ್ತುವ ‘ವೀಂಡ್’ ‘ವೈಂಡ್’ ಆಯಿತು. ಬೀಸುವ ‘ವೀಂಡ್’ ಕೂಡ ‘ವೈಂಡ್’ ಆಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಗಾಳಿಯೂ ‘ವೈಂಡ್’, ಸುತ್ತುವುದೂ ‘ವೈಂಡ್’. ಬರಹ ಒಂದು, ಉಚ್ಚಾರಣೆಯೂ ಒಂದು. ಆಗ ಈ ಎರಡು ಮಾತುಗಳನ್ನು ಒಂದೇ ಬಗೆಯಾಗಿ ಬರೆದವನು ಏನು ತಪ್ಪು ಮಾಡಿದ? ಏನೂ ಇಲ್ಲ. ನುಡಿದಂತೆ ಬರೆದ, ಅಷ್ಟೆ. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ಇಟ್ಟದ್ದು 1476ರಲ್ಲಿ, ಎಂದರೆ ಪಲ್ಲಟದ ನಟ್ಟನಡುವೆ. ಹದಿನೇಳನೆಯ ಶತಮಾನದ ಮಧ್ಯದ ಹೊತ್ತಿಗೆ ಅಚ್ಚಿನವರ ಕಾಗುಣಿತ ಹೆಚ್ಚುಕಡಿಮೆ ಗಟ್ಟಿಯಾಯಿತು. ಬರಹ ನಿಂತಿತು, ಆದರೆ ನಾಲಗೆ ನಿಲ್ಲಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಜನ ಒಂಟಿಯಾದ ಗಾಳಿಯನ್ನೂ ‘ವಿಂಡ್’ ಎಂದು ಹ್ರಸ್ವವಾಗಿ ಹೇಳತೊಡಗಿದರು. ಗಿರಣಿಯಲ್ಲಿ, ಇನ್ನಿತರ ಸಮಾಸಗಳಲ್ಲಿ ಅಡಗಿ ಕುಳಿತಿದ್ದ ಹ್ರಸ್ವದ ಗಾಳಿ ಹೊರಗೆ ಬಂದು ದೀರ್ಘದ ಗಾಳಿಯನ್ನು ಮನೆಯಿಂದ ಅಟ್ಟಿತೆಂದು ವಿದ್ವಾಂಸರ ಊಹೆ. ಎಲ್ಲರಿಗೂ ಇದು ಹಿಡಿಸಲಿಲ್ಲ. ‘ಗಲಿವರನ ಪ್ರವಾಸ’ ಬರೆದ ಜೊನಾಥನ್ ಸ್ವಿಫ್ಟ್, ಗಾಳಿಯನ್ನು ಹ್ರಸ್ವವಾಗಿ ಹೇಳುವವರು ಸಿಕ್ಕರೆ, ಅವರ ಮುಂದೆ ‘ಮೈಂಡ್’, ‘ಫೈಂಡ್’ ಎಂಬ ಮಾತುಗಳನ್ನೂ ಬೇಕೆಂದೇ ‘ಮಿಂಡ್’, ‘ಫಿಂಡ್’ ಎಂದು ಹೇಳಿ ಅಣಕಿಸುತ್ತಿದ್ದನಂತೆ. ಈ ಕತೆಯನ್ನು ಹೇಳಿದವನು ಉಚ್ಚಾರಣೆಯ ಪಂಡಿತ ಥಾಮಸ್ ಷೆರಿಡನ್. ಆ ಷೆರಿಡನ್ನನೇ ಚಿನ್ನವನ್ನು ‘ಗೋಲ್ಡ್’ ಎನ್ನದೆ ‘ಗೂಲ್ಡ್’ ಎನ್ನುವವನು. ಅದನ್ನು ಹಿಡಿದು ಮತ್ತೊಬ್ಬ ಅವನ ಮುಂದೆ ‘ಬೋಲ್ಡ್’, ‘ಟೋಲ್ಡ್’ ಎಂಬುವನ್ನು ‘ಬೂಲ್ಡ್’, ‘ಟೂಲ್ಡ್’ ಎಂದು ಹೇಳಿ ಸಾಲ ತೀರಿಸಿದನಂತೆ. ಉಚ್ಚಾರಣೆಗಾಗಿ ನಗುವವರ ಮನೆಯ ದೋಸೆಯೂ ತೂತೇ.

ಈ ಎರಡು ಕತೆಗಳನ್ನೂ ನಮಗೆ ಉಳಿಸಿಕೊಟ್ಟವನು ಜಾನ್ ವಾಕರ್. ಮೊದಲು ನಟನಾಗಿದ್ದು ಮುಂದೆ ವಾಚನಕಲೆಯನ್ನು ಕಲಿಸಿ ಜೀವಿಸಿದವನು. 1791ರಲ್ಲಿ ಅವನು ಪ್ರಕಟಿಸಿದ ಉಚ್ಚಾರಣೆಯ ನಿಘಂಟಿನಲ್ಲಿ ಈ ಮಾತಿನ ಕೆಳಗೆ ತೀರ್ಪು ಬರೆದಿದ್ದಾನೆ: ಎರಡು ಉಚ್ಚಾರಣೆಗಳೂ ಬಹುಕಾಲ ಹೋರಾಡಿದವು, ಹ್ರಸ್ವವೇ ಗೆದ್ದಂತಿದೆ, ಆದರೆ ಪ್ರಾಸದ ಸೀಮೆಯಲ್ಲಿ ಮಾತ್ರ ದೀರ್ಘದ ಆಳ್ವಿಕೆ ನಡೆದಿದೆ ಎಂದು ಅದರ ಸಾರಾಂಶ.

ಪ್ರಾಸದ ಸೀಮೆ ಎಂದರೇನೆಂಬುದು ಕಾಲೇಜಿನಲ್ಲಿ ಇಂಗ್ಲಿಷ್ ಪದ್ಯ ಓದಿದವರಿಗೆಲ್ಲ ತಿಳಿದಿದೆ, ತಿಳಿದಿದೆಯೆಂಬುದು ತಿಳಿಯದಿದ್ದರೂ. ಷೆಲ್ಲಿ ಕವಿ 1819ರಲ್ಲಿ ಪಡುವಣ ಗಾಳಿಯನ್ನು ಕುರಿತು ಬರೆದ ಪ್ರಗಾಥದ ಕೊನೆಯಲ್ಲಿ ಗಾಳಿಗೆ ಪ್ರಾಸವಾಗಿ ಬರುವ ಮಾತು ‘ಬಿಹೈಂಡ್’. ನಮ್ಮ ತರಗತಿಯಲ್ಲಿ ಮೇಷ್ಟ್ರು ಆ ಸಾಲುಗಳನ್ನು ಭಾವಪೂರ್ಣವಾಗಿ ‘ವಿಂಡ್’ ಎಂದೇ ಓದಿದ್ದರು. ಪ್ರಾಸ ಮುರಿದುದು ಅಂದು ನಮಗಾರಿಗೂ ಕೇಳಿಸಲಿಲ್ಲ. ವಾಕರನ ತೀರ್ಪಾಗಿ ಇಪ್ಪತ್ತೆಂಟು ವರ್ಷಗಳಾದ ಮೇಲೆ ಬರೆದ ಕವಿತೆ ಅದು. ಆಗಲೂ ಕವಿಗೆ ಹಳೆಯ ಗಾಳಿಯನ್ನು ಬಳಸುವ ಸಲಿಗೆಯಿತ್ತು. ಅದು ಬರಿಯ ಸಲಿಗೆಯಲ್ಲ, ಅಗತ್ಯವೂ ಹೌದು. ‘ವಿಂಡ್’ ಎಂಬುದಕ್ಕೆ ಪ್ರಾಸವಾಗುವ ಮಾತುಗಳು ಇಂಗ್ಲಿಷಿನಲ್ಲಿ ಬಲು ಕಡಿಮೆ. ‘ವೈಂಡ್’ ಎಂದರೆ ಮನಸ್ಸು, ಕರುಣೆ, ಕುರುಡು, ಬಂಧನ ಎಲ್ಲಕ್ಕೂ ಹೇಳುವ ಮಾತುಗಳು ಪ್ರಾಸಕ್ಕೆ ಸಾಲುಗಟ್ಟಿ ನಿಲ್ಲುತ್ತವೆ. ಅಷ್ಟು ಬಂಧುಗಳನ್ನು ಯಾವ ಕವಿ ತಾನೇ ಬಿಟ್ಟುಕೊಟ್ಟಾನು? ಬಳಕೆಯ ಮಾತಿನಲ್ಲಿಯೂ ಹಳೆಯ ಗಾಳಿ ಒಂದು ಮೂಲೆಯಲ್ಲಿ ಉಳಿದಿದೆ. ಕಹಳೆಯನ್ನು ಊದು ಎಂಬರ್ಥದಲ್ಲಿ ಬರುವ ಕ್ರಿಯಾಪದ ಹುಟ್ಟಿದ್ದು ಗಾಳಿಯಿಂದಲೇ, ಸುತ್ತುವುದರಿಂದಲ್ಲ. ಅದನ್ನು ಇಂದಿಗೂ ‘ವೈಂಡ್’ ಎಂದೇ ಹೇಳಬೇಕು.

ಇನ್ನು ಕಣ್ಣೀರಿನ ಜೋಡಿಗೂ ಸೀಸದ ಜೋಡಿಗೂ ಇಷ್ಟು ಹೊತ್ತು ಬೇಕಾಗಿಲ್ಲ. ಹುಟ್ಟಿನಲ್ಲಿ ಕಣ್ಣೀರಿನ ಮಾತೂ ಹರಿಯುವ ಮಾತೂ ಬೇರೆ ಬೇರೆ. ಸೀಸವೂ ಮುನ್ನಡೆಸುವುದೂ ಬೇರೆ ಬೇರೆ. ಆದರೆ ಹದಿನಾಲ್ಕು ಹದಿನೈದನೆಯ ಶತಮಾನಗಳ ಹೊತ್ತಿಗೆ ಈ ನಾಲ್ಕೂ ಮಾತುಗಳಲ್ಲಿದ್ದದ್ದು ಒಂದೇ ಸ್ವರ, ಬಾಯಿ ಅಗಲಿಸಿ ಹೇಳುವ ಒಂದು ದೀರ್ಘ ಏಕಾರ. ಬಾಯಿ ಕಿರಿದುಮಾಡಿ ಹೇಳುವ ಇನ್ನೊಂದು ಏಕಾರವೂ ಭಾಷೆಯಲ್ಲಿತ್ತು. ಅದಕ್ಕೆ ಎರಡು ‘ಇ’ ಬರೆಯುವ ರೂಢಿ ಬಂತು. ಅಗಲವಾದ ಏಕಾರವನ್ನು ಬೇರೆಯಾಗಿ ತೋರಿಸಬೇಕೆಂದು ‘ಇ-ಎ’ ಎಂಬ ಜೋಡಿಯನ್ನು ಬಳಸತೊಡಗಿದರು. ಇಂದು ನಾವು ಶಪಿಸುವ ಆ ‘ಇ-ಎ’ ಹುಟ್ಟಿದ್ದೇ ಉಚ್ಚಾರಣೆಯನ್ನು ಸ್ಪಷ್ಟಪಡಿಸುವುದಕ್ಕೆ!

ಮುಂದೆ ಆ ಸ್ವರ ಎಲ್ಲ ಮಾತುಗಳಲ್ಲಿಯೂ ಒಂದೇ ದಾರಿ ಹಿಡಿಯಲಿಲ್ಲ. ಮುನ್ನಡೆಸುವ ಮಾತಿನಲ್ಲಿ ಅದು ಮೇಲಕ್ಕೇರಿ ‘ಲೀಡ್’ ಆಯಿತು. ಸೀಸದ ಮಾತಿನಲ್ಲಿ ಡಕಾರದ ಹಿಂದೆ ಮೊಟಕಾಗಿ ‘ಲೆಡ್’ ಆಯಿತು. ತಲೆ, ರೊಟ್ಟಿ, ಸತ್ತ ಎಂಬರ್ಥದ ‘ಹೆಡ್’, ‘ಬ್ರೆಡ್’, ‘ಡೆಡ್’ ಎಂಬ ಮಾತುಗಳೂ ಹೀಗೆಯೇ ಮೊಟಕಾದವು. ಅವುಗಳ ಬರಹದಲ್ಲಿ ಇಂದಿಗೂ ‘ಇ-ಎ’ ಕುಳಿತಿದೆ. ರಕಾರದ ಹಿಂದೆ ನಿಂತ ಕಡೆಯಂತೂ ಸ್ವರ ಇಬ್ಬಗೆಯಾಯಿತು: ಕಣ್ಣೀರು ‘ಫಿಯರ್’, ‘ನಿಯರ್’ ಎಂಬ ಮಾತುಗಳ ಗುಂಪಿಗೆ ಸೇರಿತು, ಹರಿಯುವುದು ‘ಬೇರ್’, ‘ವೇರ್’ ಎಂಬ ಮಾತುಗಳ ಗುಂಪಿಗೆ ಸೇರಿತು. ಯಾವುದು ಯಾವ ಗುಂಪಿಗೆ ಹೋಗುವುದೆಂಬುದಕ್ಕೆ ಬಿಗಿಯಾದ ಸೂತ್ರವಿಲ್ಲ. ಕ್ರಿಯಾಪದಗಳು ದೀರ್ಘವಾಗಿ ಉಳಿದವು, ನಾಮಪದಗಳು ಮೊಟಕಾದವು ಎಂದು ಯಾರಾದರೂ ಸೂತ್ರ ಕಟ್ಟಿದರೆ, ಹರಡು ಎಂಬರ್ಥದ ‘ಸ್ಪ್ರೆಡ್’ ಎಂಬ ಕ್ರಿಯಾಪದವೇ ಎದ್ದು ನಿಂತು ಅದನ್ನು ಸುಳ್ಳುಮಾಡುತ್ತದೆ. ಆದ್ದರಿಂದ ಓದುವವನಿಗೆ ಉಳಿದಿರುವ ದಾರಿ ಒಂದೇ: ಕಣ್ಣು ನಾಲಗೆಗಿಂತ ಎರಡು ಮಾತು ಮುಂದೆ ಓಡಬೇಕು, ಪಕ್ಕದಲ್ಲಿ ಕೊಳವೆಯಿದೆಯೋ ಸೇನೆಯಿದೆಯೋ ನೋಡಿಕೊಂಡು ಬಾಯಿ ತೆರೆಯಬೇಕು. ಮೊದಲ ಸಲ ಕಾಣುವ ಪುಟವನ್ನು ಗಟ್ಟಿಯಾಗಿ ಓದುವ ಹುಡುಗಿಗೆ ಇದು ಸಣ್ಣ ಕೆಲಸವಲ್ಲ.

ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರೂ ಇಲ್ಲಿ ಎಡವುತ್ತಾರೆ. ‘ಲೀಡ್’ ಎಂಬುದರ ಭೂತಕಾಲದ ರೂಪ ‘ಲೆಡ್’. ಅದಕ್ಕೆ ‘ಎ’ ಇಲ್ಲದ ಮೂರೇ ಅಕ್ಷರ. ಆದರೆ ಸೀಸದ ‘ಲೆಡ್’ ಕಿವಿಯಲ್ಲಿ ಕುಳಿತಿರುವುದರಿಂದ ಅಲ್ಲಿಯೂ ನಾಲ್ಕು ಅಕ್ಷರ ಬರೆಯುವ ತಪ್ಪು ಬಹು ಸಾಮಾನ್ಯ. ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದ ಪತ್ರಿಕಾಲಯದಲ್ಲಂತೂ ಎರಡೂ ಒಂದೇ ಮೇಜಿನ ಮೇಲೆ ಇದ್ದವು. ಸಂಪಾದಕನಿಗೆ ‘ಲೀಡ್’ ಎಂದರೆ ಮುಖ್ಯ ಸುದ್ದಿಯ ಮೊದಲ ಭಾಗ. ಅಕ್ಷರ ಜೋಡಿಸುವವನಿಗೆ ‘ಲೆಡ್’ ಎಂದರೆ ಸಾಲು ಸಾಲುಗಳ ನಡುವೆ ತೆರಪಿಗಾಗಿ ಇಡುವ ಲೋಹದ ಪಟ್ಟಿ. ಅಮೆರಿಕದ ಪತ್ರಿಕಾಲಯಗಳಲ್ಲಿ ಸುದ್ದಿಯ ‘ಲೀಡ್’ ಎಂಬುದನ್ನು ಎಲ್-ಇ-ಡಿ-ಇ ಎಂದು ಬೇರೆ ಬರೆಯುವ ರೂಢಿ ಬಂದಿತು. ಇಂದಿಗೂ ಅಲ್ಲಿ ಹಲವರು ಹಾಗೆಯೇ ಬರೆಯುತ್ತಾರೆ.

ಅಚ್ಚಿನ ಮೊಳೆಯಾದರೂ ಏತರದ್ದು? ಮುಖ್ಯವಾಗಿ ಸೀಸದ್ದೇ, ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸುತ್ತಿದ್ದರು. ಆ ಸೀಸವೇ ನನ್ನನ್ನು ಕನ್ನಡದ ಕಡೆಗೆ, ಮಗಳಿಗೆ ನಾನು ಹೇಳಿದ ಎರಡನೆಯ ಸುಳ್ಳಿನ ಕಡೆಗೆ ತಿರುಗಿಸುತ್ತದೆ.

ಎಂ.ಎ. ಓದುತ್ತಿದ್ದಾಗ ನಮಗೆ ಹಸ್ತಪ್ರತಿಗಳನ್ನು ಓದುವ ಅಭ್ಯಾಸವಿತ್ತು. ಒಂದು ಮಧ್ಯಾಹ್ನ ಮೇಷ್ಟ್ರು ನನ್ನ ಮುಂದೆ ಭಾಮಿನೀ ಷಟ್ಪದಿಯ ಒಂದು ಓಲೆಗರಿಯನ್ನು ಇಟ್ಟು ಓದೆಂದರು. ಅಕ್ಷರ ಗುಂಡಗೆ, ಮುದ್ದಾಗಿತ್ತು. ನಾನು ಧೈರ್ಯದಿಂದ ಓದುತ್ತಾ ಹೋಗಿ ಒಂದು ಕಡೆ ‘ತೆರನು’ ಎಂದೆ. ತೆರ ಎಂದರೆ ರೀತಿ. ಅರ್ಥ ಹೇಗೋ ಕೂಡಿಬರುವಂತಿತ್ತು. ಮೇಷ್ಟ್ರು ನಗಲಿಲ್ಲ, ತಪ್ಪೆಂದು ಹೇಳಲೂ ಇಲ್ಲ. “ಮಾತ್ರೆ ಎಣಿಸಿ ನೋಡಪ್ಪ” ಎಂದರು.

ಭಾಮಿನಿಯ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡೆಯಲ್ಲಿ ಸಾಗುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ‘ತೆರನು’ ಎಂದರೆ ಮೂರು ಹ್ರಸ್ವಗಳು, ಮೂರೇ ಮಾತ್ರೆ. ಅದು ಬಂದಿದ್ದದ್ದು ನಾಲ್ಕು ಮಾತ್ರೆಯ ಸ್ಥಾನದಲ್ಲಿ. ಒಂದು ಮಾತ್ರೆ ಕಡಿಮೆ. ನಾನು ಮತ್ತೆ ಮತ್ತೆ ಎಣಿಸಿದೆ. ಆಮೇಲೆ ಬೆಳಕಾಯಿತು. ಅದು ‘ತೆರನು’ ಅಲ್ಲ, ‘ತೇರನು’, ರಥವನ್ನು! ಪದ್ಯದಲ್ಲಿ ಮುಂದೆಯೇ ಕುದುರೆಗಳೂ ಬಂದಿದ್ದವು, ನಾನು ನೋಡಿರಲಿಲ್ಲ.

ಓಲೆಯ ಮೇಲೆ ದೀರ್ಘದ ಗುರುತು ಅಳಿಸಿಹೋಗಿತ್ತೇ? ಇಲ್ಲ, ಅದು ಅಲ್ಲಿ ಎಂದೂ ಇರಲಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ಎತ್ವಕ್ಕೂ ಏತ್ವಕ್ಕೂ ಒಂದೇ ಗುರುತು. ಒತ್ವಕ್ಕೂ ಓತ್ವಕ್ಕೂ ಒಂದೇ ಗುರುತು. ಹ್ರಸ್ವವೋ ದೀರ್ಘವೋ ಎಂಬುದನ್ನು ಓದುವವನು ಅರ್ಥದಿಂದ, ಛಂದಸ್ಸಿನಿಂದ ತಿಳಿದುಕೊಳ್ಳಬೇಕು. ‘ಕೊಡು’ ಎಂದು ಕಂಡದ್ದು ನೀಡುವುದಿರಬಹುದು, ಪ್ರಾಣಿಯ ಕೋಡೂ ಇರಬಹುದು. ‘ಕೆಡು’ ಎಂದು ಕಂಡದ್ದು ಹಾಳಾಗುವುದಿರಬಹುದು, ಕೇಡೂ ಇರಬಹುದು. ಒಂದೇ ಬರಹ, ಎರಡು ಉಚ್ಚಾರಣೆ, ಎರಡು ಅರ್ಥ. ಇದು ಹೆಟರೊನಿಮ್ ಅಲ್ಲದೆ ಮತ್ತೇನು?

ವ್ಯತ್ಯಾಸವಿರುವುದು ಅದು ಬಂದ ದಾರಿಯಲ್ಲಿ, ಹೋದ ದಾರಿಯಲ್ಲಿ. ಇಂಗ್ಲಿಷಿನಲ್ಲಿ ಒಂದಾಗಿದ್ದ ಉಚ್ಚಾರಣೆ ಬರಹ ನಿಂತ ಮೇಲೆ ಎರಡಾಯಿತು. ನಮ್ಮಲ್ಲಿ ಉಚ್ಚಾರಣೆ ಮೊದಲಿನಿಂದಲೂ ಎರಡೇ. ಬರಹ ಅದನ್ನು ತೋರಿಸುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಅಚ್ಚಿಗೆ ಬಂದ ಮೇಲೆ ಏತ್ವ ಓತ್ವಗಳಿಗೆ ದೀರ್ಘದ ಗುರುತನ್ನು ಬಿಡದೆ ಹಾಕುವ ರೂಢಿ ನೆಲೆನಿಂತಿತು. ತೆರವೂ ತೇರೂ ಪುಟದ ಮೇಲೆ ಬೇರೆಯಾದವು. ಇಂಗ್ಲೆಂಡಿನಲ್ಲಿ ಯಾವ ಸೀಸದ ಮೊಳೆ ಹಳೆಯ ಕಾಗುಣಿತವನ್ನು ಹಿಡಿದು ನಿಲ್ಲಿಸಿ ಈ ಜೋಡಿಗಳನ್ನು ಉಳಿಸಿತೋ, ಅದೇ ಸೀಸದ ಮೊಳೆ ನಮ್ಮಲ್ಲಿ ಅಂಥ ಜೋಡಿಗಳನ್ನು ಬಿಡಿಸಿತು. ನಾನು ಮಗಳ ಮುಂದೆ ಎದೆ ತಟ್ಟಿಕೊಂಡು ಹೇಳಿದ ‘ಬರೆದಂತೆ ಓದುವ’ ಹಿರಿಮೆಗೆ, ಈ ಸ್ವರಗಳ ಮಟ್ಟಿಗೆ, ವಯಸ್ಸು ಇನ್ನೂರು ವರ್ಷವೂ ಸರಿಯಾಗಿ ಆಗಿಲ್ಲ.

ಮರುದಿನ ಬೆಳಿಗ್ಗೆ ಮಗಳನ್ನು ಕೂಡಿಸಿಕೊಂಡು ಇದನ್ನೆಲ್ಲ ಹೇಳಿದೆ. ಮಕ್ಕಳಿಗೆ ಬೇಸರವಾಗುವಷ್ಟು ಉದ್ದವಾಗಿಯೇ ಹೇಳಿದೆನೆಂದು ತೋರುತ್ತದೆ. ಸಂನ್ಯಾಸಿಯ ಜೋಡಿ ಅಕ್ಷರಗಳು ಅವಳಿಗೆ ಹಿಡಿಸಿದವು. ಸ್ವಿಫ್ಟನ ಅಣಕ ಹಿಡಿಸಲಿಲ್ಲ. ತೇರಿನ ಕತೆಯನ್ನು ಮಾತ್ರ ಕಣ್ಣರಳಿಸಿ ಕೇಳಿದಳು.

“ನೀವು ತೆರ ಅಂತ ಓದಿದಾಗ ಕ್ಲಾಸಲ್ಲಿ ಎಲ್ಲರೂ ನಕ್ಕರಾ ಅಪ್ಪ?” ಎಂದು ಕೇಳಿದಳು.

“ಇಲ್ಲ. ಅಲ್ಲಿ ಕೂತಿದ್ದವರಿಗೆಲ್ಲ ಅದೇ ತಪ್ಪು ತಮ್ಮ ಸರದಿಯಲ್ಲಿ ಕಾದಿದೆ ಅಂತ ಗೊತ್ತಿತ್ತು” ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ನಿನ್ನೆಯ ಪುಟವನ್ನು ಚೀಲದಿಂದ ತೆಗೆದು, ಸೀಸದ ಕೊಳವೆಗಳ ಭಾಗವನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಆ ನಾಲ್ಕು ಅಕ್ಷರಗಳು ಬಂದಾಗ ಒಂದು ಕ್ಷಣ ನಿಂತಳು. ಕಣ್ಣು ಮುಂದಿನ ಮಾತಿಗೆ ಹೋಗಿ ಬಂದದ್ದು ನನಗೆ ಕಂಡಿತು.